ನೋಂತು ಮುಡಿಪಿದರ್

ಮಲ್ಲೇಶ್ವರಿ ಮೇಡಂ ಯಲಬುರ್ಗಾದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಶಬ್ದ ತಪ್ಪಿದರೆ ಎದುರಿಗಿದ್ದವರು ಯಾರೆಂದು ನೋಡುವವರಲ್ಲ. ಕೊಪ್ಪಳದ ಪುಟ್ಟ ವಸ್ತುಸಂಗ್ರಹಾಲಯದ ಫಲಕಗಳನ್ನು ಇಂಗ್ಲಿಷಿಗೆ ತರುವ ಕೆಲಸ ಅವರ ಪಾಲಿಗೆ ಬಂದಿತ್ತು. ಒಂದೊಂದು ಫಲಕಕ್ಕೆ ನಲವತ್ತೇ ಪದ.

ಉದ್ಘಾಟನೆಯ ಮುನ್ನಾದಿನ, ಫಲಕ ಅಚ್ಚು ಹಾಕುವ ರುದ್ರೇಶ ಕರಡನ್ನು ಸಂಗ್ರಹಾಲಯಕ್ಕೇ ತಂದು ತೋರಿಸಿದ. ಅವನು ಅವರ ಹಳೆಯ ವಿದ್ಯಾರ್ಥಿ. ನಿಸಿದಿಗಲ್ಲಿನ ಫಲಕ ನೋಡುತ್ತಲೇ ಮೇಡಂಗೆ ಮೈಯೆಲ್ಲ ಉರಿಯಿತು. ಸಲ್ಲೇಖನ ವ್ರತ ಹಿಡಿದು, ಅನ್ನನೀರು ಬಿಟ್ಟು ದೇಹ ತ್ಯಜಿಸಿದ ಜೈನ ಸನ್ಯಾಸಿನಿಯ ಸ್ಮಾರಕ ಆ ಕಲ್ಲು. ಮೇಡಂ ಬರೆದಿದ್ದ ವಿವರಣೆಯನ್ನು ಕಿತ್ತು, ಅವನು ‘ಸೂಸೈಡ್’ ಎಂಬ ಒಂದೇ ಪದ ಕೂರಿಸಿದ್ದ.

“ಏನಪಾ ಇದು? ಆ ತಾಯಿ ಉರ್ಲು ಹಾಕ್ಕೊಂಡಾಳೇನು?”

“ನಿಮ್ಮದು ಆರು ಪದ ಹೆಚ್ಚಾಗಿತ್ರಿ ಮೇಡಂ. ಅಲ್ಲಿ ಮಷೀನ್ ಕಾಯಾಕತ್ತೈತಿ. ಹೊರದೇಶದವ್ರಿಗೆ ಸಲ್ಲೇಖನ ಅಂದ್ರ ತಿಳೀತೈತೇನ್ರಿ?”

ಮೇಡಂ ಕಲ್ಲಿನ ಮುಂದೆ ಹೋಗಿ ನಿಂತರು. ಕೊನೆಯ ಸಾಲಿನಲ್ಲಿ ‘ನೋಂತು ಮುಡಿಪಿದರ್’ ಎಂದಿತ್ತು. ವ್ರತ ಹಿಡಿದು ಮುಗಿಸಿದರು, ಅಷ್ಟೇ. ಸತ್ತರು ಎಂಬ ಮಾತೇ ಇರಲಿಲ್ಲ.

ಅವರು ಪೆನ್ನು ತೆಗೆದು ಕರಡಿನಲ್ಲಿದ್ದ ‘ಸೂಸೈಡ್’ ಪದವನ್ನೂ ಕಲ್ಲಿನ ಎತ್ತರ, ಅಗಲ, ಬಣ್ಣಗಳ ವಿವರವನ್ನೂ ಹೊಡೆದುಹಾಕಿದರು. ಎದುರಿಗೆ ನಿಂತವರಿಗೆ ಅವು ಹೇಗೂ ಕಾಣುತ್ತವೆ. ಆ ಜಾಗದಲ್ಲಿ ಸಲ್ಲೇಖನ ಎಂಬ ಹೆಸರನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಕೊನೆಗಾಲದಲ್ಲಿ ಆಹಾರ ಬಿಡುವ ಜೈನ ವ್ರತವೆಂದು ಪಕ್ಕದಲ್ಲೇ ಬಿಡಿಸಿದರು. ಮುಂದೆ ‘ಸತ್ತಳು’ ಎನ್ನದೆ ‘ಪೂರೈಸಿದಳು’ ಎಂದು ಬರೆದರು.

ರುದ್ರೇಶ ಬೆರಳು ಮಡಚುತ್ತ ಎಣಿಸಿದ. ಸರಿಯಾಗಿ ನಲವತ್ತು.

“ಈ ಕಲ್ಲು ಕೆತ್ತಿದಾವಗೂ ಜಾಗ ಸಾಲಿರಲಿಲ್ಲ, ತಮ್ಮಾ,” ಎಂದರು ಮೇಡಂ. “ಆದ್ರೂ ಅಂವ ಆ ತಾಯಿ ಮಾನ ಕಳೀಲಿಲ್ಲ.”