ಪೋಳಾಕ್ಕೆ ಮೊದಲು ಬಂದ ಬೇಳೆ

ಔರಾದದ ನಮ್ಮ ಅತ್ತೆಯ ಕಿರಾಣಿ ಅಂಗಡಿಯನ್ನು ಒಂದು ಗೋಡೆ ಕ್ಯಾಲೆಂಡರ್ ಉಳಿಸಿತು ಎಂದು ನಾನು ಸ್ನೇಹಿತರಿಗೆ ಹೇಳುತ್ತಿರುತ್ತೇನೆ. ಹೇಳುವಾಗಲೆಲ್ಲ ಒಳಗೊಂದು ಅನುಮಾನ ಕಾಡುತ್ತದೆ. ಕಂಡದ್ದನ್ನೆಲ್ಲ ಪ್ರಶ್ನಿಸು ಎಂದು ವಿಶ್ವವಿದ್ಯಾಲಯ ಕಲಿಸಿತು, ಆದರೆ ನನ್ನ ನೆನಪನ್ನೇ ಪ್ರಶ್ನಿಸಿದರೆ ಯಾರು ಉತ್ತರ ಕೊಡಬೇಕು?

ಆ ವರ್ಷದ ಕಾರ ಹುಣ್ಣಿಮೆ ಮಾತ್ರ ಚೆನ್ನಾಗಿ ನೆನಪಿದೆ. ಎತ್ತುಗಳ ಹಬ್ಬ, ಮನೆಮನೆಯಲ್ಲೂ ಹೋಳಿಗೆ. ಬೀದರದ ಮೈಲೂರಿನಿಂದ ರಜೆಗೆಂದು ಹೋದವನು ಅಂಗಡಿಯ ಹಣದ ಗಲ್ಲೆಯ ಪಕ್ಕ ಕೂತಿದ್ದೆ. ಹಬ್ಬಕ್ಕೆ ಎರಡು ದಿನ ಮೊದಲೇ ಕಡಲೆಬೇಳೆ ಮುಗಿದಿತ್ತು. ಠಾಣಾ ಕುಶನೂರ ಕಡೆಯ ಹೆಂಗಸೊಬ್ಬಳು ಚೀಲ ಮಡಚಿ ಹೊರಟಳು.

"ಉಳಿದ ಸಾಮಾನಾದ್ರೂ ಒಯ್ಯವ್ವಾ," ಎಂದಳು ಅತ್ತೆ.

"ಬ್ಯಾಳಿ ಒಂದ್ ಕಡಿ, ಬೆಲ್ಲ ಒಂದ್ ಕಡಿ ತರಾಕ ನಾ ಏನ್ ಮೆರವಣಗಿ ಹೊಂಟೇನ್ರಿ? ಎಲ್ಲಾ ಸಿಗೂವಲ್ಲೇ ತಗೋತೇನಿ."

ಹಳ್ಳಿಯವರು ಬಸ್ಸು ಹಿಡಿದು ಬಂದು ಇಡೀ ತಿಂಗಳ ಸಾಮಾನನ್ನು ಒಂದೇ ಅಂಗಡಿಯಲ್ಲಿ ಕಟ್ಟಿಸುತ್ತಾರೆ. ಬೇಳೆ ಇಲ್ಲವೆಂದರೆ ಎಣ್ಣೆ, ಸಾಬೂನು, ಚಹಾಪುಡಿಯೂ ಹೋದಂತೆ. ಪೇಟೆಯಲ್ಲಿ ಹೊಸದಾಗಿ ದೊಡ್ಡ ಅಂಗಡಿಯೊಂದು ಬಂದಿತ್ತು. ಇನ್ನೊಂದು ಹಬ್ಬ ಹೀಗಾದರೆ ಆ ಮನೆಗಳವರು ಅಲ್ಲೇ ಖಾಯಂ ಆಗುತ್ತಾರೆಂದು ಅತ್ತೆಗೆ ಭಯ.

ಮುಂದೆ ಬರುವುದು ಪೋಳಾ. ಮಹಾರಾಷ್ಟ್ರದ ಅಂಚಿನ ಊರು ನಮ್ಮದು. ಎತ್ತುಗಳಿಗೆ ಕೆಲವು ಮನೆಗಳಲ್ಲಿ ಕಾರ ಹುಣ್ಣಿಮೆಗೆ ಹಬ್ಬ, ಮರಾಠಿ ಮನೆಗಳಲ್ಲಿ ಶ್ರಾವಣದ ಅಮಾವಾಸ್ಯೆಗೆ. ಅದೇ ಪೋಳಾ, ಆಗಲೂ ಹೋಳಿಗೆ. ಹಿಂದಿನ ವರ್ಷ ಪೋಳಾ ವಾರದಲ್ಲಿ ಬೇಳೆ ಹೆಚ್ಚು ಮಾರಾಟವಾಗಿರಲಿಲ್ಲ. ಹಾಗಾಗಿ ಹೆಚ್ಚು ತರಿಸುವುದು ಬೇಡ ಎಂದು ನಾನು ವಾದಿಸಿದೆ.

"ಇದ್ರ ತಾನೇ ಹೋಗೂದು? ಆವಾಗೂ ಖಾಲಿನೇ ಇತ್ತಲ್ಲ!"

ಮಾರಾಟವಾದದ್ದು ಲೆಕ್ಕದಲ್ಲಿದೆ, ಕೇಳಿ ಬರಿಗೈಯಲ್ಲಿ ಹೋದವರ ಲೆಕ್ಕ ಎಲ್ಲೂ ಇಲ್ಲ. ಖಾಲಿ ಇತ್ತೆಂಬ ಆ ಮಾತು ಅತ್ತೆಯದು ಎಂದು ನನ್ನ ನೆನಪು. "ಇಲ್ಲಪ್ಪಾ, ನೀನೇ ಅಂದಿ, ನಾ ಹೂಂ ಅಂದೆ," ಎಂದು ಅವಳು ಇಂದಿಗೂ ಹೇಳುತ್ತಾಳೆ. ಇಬ್ಬರೂ ಜಾಣತನವನ್ನು ಒಬ್ಬರ ಮೇಲೊಬ್ಬರು ಹೊರಿಸುತ್ತೇವೆ.

ಅಂದಿನಿಂದ, ಇಲ್ಲದ ಸಾಮಾನನ್ನು ಯಾರಾದರೂ ಕೇಳಿದರೆ ಗೋಡೆಯ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಒಂದು ಚುಕ್ಕೆ. ಆಮೇಲೆ ಹಬ್ಬದಿಂದ ಹಿಂದಕ್ಕೆ ಎಣಿಸಿದೆವು. ಸಂತೆ ಮುಗಿಸಿ ಜನ ಕೊಳ್ಳಲು ಶುರುಮಾಡುವ ದಿನ ಯಾವುದು, ಅದಕ್ಕೆ ಮೊದಲು ಭಾಲ್ಕಿಯ ಹೋಲ್‌ಸೇಲ್ ಸೇಠರ ಟೆಂಪೊ ಬರುವ ದಿನ ಯಾವುದು, ಆ ಟೆಂಪೊಗೆ ಆರ್ಡರ್ ಹೇಳಬೇಕಾದ ದಿನ ಯಾವುದು. ಹಬ್ಬದ ವಾರದ ಟೆಂಪೊದಲ್ಲಿ ದೊಡ್ಡ ಅಂಗಡಿಗಳ ಮಾಲೇ ತುಂಬಿರುತ್ತದೆ, ಆದ್ದರಿಂದ ಅದನ್ನು ನಂಬದೆ ಟೆಂಪೊದ ಎರಡು ಸರದಿ ಹಿಂದಕ್ಕೆ ಹೋದೆವು. ಆ ಸರದಿಗೇ ಬೇಳೆ ಮತ್ತು ಬೆಲ್ಲ ಎರಡನ್ನೂ ಬರೆದೆ.

"ಮಳಿಗಾಲದಾಗ ಬೆಲ್ಲ ಅಷ್ಟ್ ಮೊದ್ಲ ತರ್ಸಿದ್ರ ನೀರ್ ಬಿಡ್ತದೋ. ಬೇಕಾದ್ರ ನಿನ್ನ ಪುಸ್ತಕಕ್ಕ ಹಚ್ಚಿಕೋ," ಎಂದಳು ಅತ್ತೆ.

ಕೊನೆಗೆ ಹಬ್ಬದ ವಾರದ ಟೆಂಪೊಗಿಂತ ಬೇಳೆಗೆ ಎರಡು ಸರದಿ ಮೊದಲು, ಬೆಲ್ಲಕ್ಕೆ ಒಂದು ಸರದಿ ಮೊದಲು ಎಂದು ಬೇರೆ ಬೇರೆ ಗುರುತು ಬಿದ್ದವು. ಅಂಗಡಿಯಲ್ಲಿ ಉಳಿದ ಮಾಲನ್ನು ಕಳೆದು ಬಾಕಿಯಷ್ಟನ್ನೇ ಹೇಳುವುದು. ಚಾಂದ್ರಮಾನದ ಹಬ್ಬ ಪ್ರತಿ ವರ್ಷ ಸರಿಯುತ್ತದೆ, ಹಾಗಾಗಿ ಗುರುತನ್ನು ತಾರೀಖಿಗಲ್ಲ, ಅಮಾವಾಸ್ಯೆಗೆ ಕಟ್ಟಿದೆವು.

ಸೇಠರು ಫೋನಿನಲ್ಲಿ ನಕ್ಕರು: "ಅಮ್ಮಾ, ಪೋಳಾ ಇನ್ನೂ ದೂರ ಅದ ಅಲ್ರಿ! ಎತ್ತಿನಕಿಂತ ನೀವ್ ಮುಂದ ಓಡ್ಲಿಕತ್ತೀರಿ."

"ಎತ್ತಿಗೆ ಅಂಗಡಿ ಇಲ್ರಿ ಸೇಠಜಿ, ನನಗ ಅದ."

ನಕ್ಕರೂ ಅವರು ಬೇಳೆಯನ್ನೂ ಬೆಲ್ಲವನ್ನೂ ಹೇಳಿದ ಸರದಿಗೇ ಕಳಿಸಿದರು. ಚಿಕ್ಕ ಆರ್ಡರ್ ಎಂದು ಮುಂದೂಡಬಹುದಿತ್ತು. ಆ ಉಪಕಾರವನ್ನು ನಾನು ಮರೆತಿಲ್ಲ.

ಹಬ್ಬದ ವಾರ ಮಳೆ ಹಿಡಿಯಿತು, ಟೆಂಪೊ ಬರಲಿಲ್ಲ. ದೊಡ್ಡ ಅಂಗಡಿಯಲ್ಲೂ ಬೇಳೆ ಮುಗಿಯಿತಂತೆ. ಕೇಳಿದ ಮಾತು, ನಾನು ಹೋಗಿ ನೋಡಲಿಲ್ಲ. ಕಮಲನಗರದ ಕಡೆಯವರೊಬ್ಬರು ಕೊಡೆ ಝಾಡಿಸುತ್ತ ಬಂದು, "ಮಾವಶೀ, ಬ್ಯಾಳಿ ಅದೇನ್ರಿ?" ಎಂದರು.

"ಬ್ಯಾಳಿನೂ ಅದ, ಬೆಲ್ಲನೂ ಅದ. ಚೀಲಾ ಎಷ್ಟ್ ದೊಡ್ಡದ್ ತಂದೀರಿ, ಅದ್ ಹೇಳ್ರಿ."

ಅವರ ಬೆನ್ನಿಗೇ ಕುಶನೂರಿನ ಆ ಹೆಂಗಸೂ ಬಂದಳು. ಅವಳೇ ಹೌದೋ, ಅವಳಂಥ ಇನ್ನೊಬ್ಬಳೋ, ಪ್ರಮಾಣ ಮಾಡಲಾರೆ. ಬೇಳೆ ತೂಗಿಸಿಕೊಂಡಳು, ಬೆಲ್ಲವನ್ನು ಮೂಸಿ ನೋಡಿದಳು, ಅಲ್ಲಿಗೇ ನಿಲ್ಲಿಸದೆ ಎಣ್ಣೆ, ಸಾಬೂನು, ಚಹಾಪುಡಿ ಎಂದು ತಿಂಗಳ ಸಾಮಾನನ್ನೆಲ್ಲ ಹೇಳತೊಡಗಿದಳು. ಅತ್ತೆ ಒಂದೊಂದಾಗಿ ಇಳಿಸುತ್ತಿದ್ದಳು, ನಾನು ಕಟ್ಟುತ್ತಿದ್ದೆ. ನಡುವೆ ಅತ್ತೆ ನನ್ನತ್ತ ತಿರುಗಿ, "ಗಂಟ್ ಗಟ್ಟಿ ಹಾಕೋ, ದೂರ ಹೋಗ್ತಾರ," ಎಂದಳು.