ಮದಾಂ ಎಬೆಲೆ ಮೇಜು ತಟ್ಟುವ ಜಾಗ

ದುವಾಲಾ ಪಟ್ಟಣದ ನಮ್ಮ ಶಾಲೆಯಲ್ಲಿ ಮದಾಂ ಕ್ಲಾರಿಸ್ ಎಬೆಲೆ ಇಪ್ಪತ್ತಾರು ವರ್ಷಗಳಿಂದ ಸ್ಪ್ಯಾನಿಷ್ ಕಲಿಸುತ್ತಿದ್ದಾರೆ. ಅವರ ತರಗತಿಯ ಹೊರಗೆ ನಿಂತರೆ ಮೇಜು ತಟ್ಟುವ ಸದ್ದೇ ಜಾಸ್ತಿ ಕೇಳುತ್ತದೆ. ಯಾರಾದರೂ ಓದುತ್ತಾ ‘ಕ್ಯೇರೊ ಕೆ’, ಎಂದರೆ ‘ನನಗೆ ಬೇಕು’ ಎಂಬಲ್ಲಿಗೆ ಬಂದರೆ ಸಾಕು, ಟಕ್! ಮುಂದೆ ಬರುವ ಕ್ರಿಯಾಪದ ‘ಬರುತ್ತಾನೆ’ ಆಗಕೂಡದು, ‘ಬರಲಿ’ ಎಂಬಂಥ ರೂಪಕ್ಕೆ ತಿರುಗಬೇಕು. ಬಯಕೆ, ಅನುಮಾನ, ಅಪ್ಪಣೆ, ಭಯ, ಯಾವುದರ ಮಾತು ಬಂದರೂ ಹಾಗೆಯೇ. ನನ್ನ ದಿನವೆಲ್ಲ ಕಳೆಯುವುದೇ ಆ ರೂಪದಲ್ಲಿ: ಮಗುವಿಗೆ ಜ್ವರ ಬಾರದಿರಲಿ, ಮಳೆಗೆ ಮುಂಚೆ ಮನೆ ಸೇರುವಂತಾಗಲಿ.

ಫ್ರೆಂಚಿನಲ್ಲೂ ಈ ರೂಪವಿದೆ. ಆದರೆ ‘ಆಶಿಸುತ್ತೇನೆ’ ಎಂದಾಗ ಫ್ರೆಂಚ್ ‘ಬರುತ್ತಾನೆ’ ಎನ್ನುತ್ತದೆ, ಸ್ಪ್ಯಾನಿಷ್ ‘ಬರಲಿ’ ಎನ್ನುತ್ತದೆ. ಫ್ರೆಂಚಿನಲ್ಲೇ ಓದಿ ಬೆಳೆದ ನಮ್ಮ ಮಕ್ಕಳು ಜಾರುವುದು ಅಲ್ಲೇ.

ನಾನು ಕೆಳಗಿನ ತರಗತಿಗಳ ಸ್ಪ್ಯಾನಿಷ್ ಟೀಚರು, ಅರೆಕಾಲಿಕ. ಎಂಟು ತಿಂಗಳ ಎಸ್ತೆಲ್‌ಳನ್ನು ಬೆನ್ನಿಗೆ ಕಟ್ಟಿಕೊಂಡೇ ಶಾಲೆಗೆ ಬರುತ್ತೇನೆ. ಮದಾಂ ಎಬೆಲೆಗೆ ಕಣ್ಣು ಮಂಜಾಗಿದೆ ಎಂದು ತಿಳಿದಿದ್ದವಳು ನಾನೊಬ್ಬಳೇ.

“ಮಗಳೇ, ಜೂನ್ ಪರೀಕ್ಷೆವರೆಗೆ ಈ ಕೊನೇ ವರ್ಷದ ಮಕ್ಕಳನ್ನ ದಡ ಮುಟ್ಟಿಸಿಬಿಡ್ತೀನಿ. ಅಷ್ಟರವರೆಗೆ ನೀನು ಓದು, ನಾನು ಕೇಳ್ತೀನಿ,” ಎಂದಿದ್ದರು. ಅವರನ್ನು ಕೆಲಸದಿಂದ ಬಿಡಿಸಿದರೆ ಆ ತರಗತಿ ನನಗೇ ಬರುತ್ತಿತ್ತು, ಕೆಲಸವೂ ಕಾಯಂ ಆಗುತ್ತಿತ್ತು. ಅದು ಅವರಿಗೂ ಗೊತ್ತಿತ್ತು. ಆದರೂ ನನ್ನನ್ನೇ ಕೇಳಿದರು.

ಮಾರ್ಚಿನ ಪೂರ್ವಪರೀಕ್ಷೆಯ ಉತ್ತರಪತ್ರಿಕೆಗಳನ್ನು ಹೀಗೇ ತಿದ್ದಿದೆವು. ವಾಕ್ಯದಲ್ಲಿ ಕ್ರಿಯಾಪದವನ್ನು ತಿರುಗಿಸುವ ಮಾತಿಗೆ ಸುತ್ತು ಹಾಕಿ, ಬಿಟ್ಟ ಸ್ಥಳ ತುಂಬುವುದೇ ಅದರಲ್ಲಿನ ಪ್ರಶ್ನೆ. ನಾನು ಓದುತ್ತಿದ್ದೆ, ಅವರು ಟಕ್ ಅನ್ನಿಸುತ್ತಿದ್ದರು, ಅವರು ಹೇಳಿದ ಅಂಕವನ್ನು ನಾನೇ ಬರೆಯುತ್ತಿದ್ದೆ. ಹಿಂದಿನ ರಾತ್ರಿ ಎಸ್ತೆಲ್ ಹಲ್ಲು ಬರುವ ನೋವಿಗೆ ಮಲಗಿರಲೇ ಇಲ್ಲ. ನನಗೂ ನಿದ್ದೆಯಿಲ್ಲ.

ಎರಡು ದಿನ ಬಿಟ್ಟು ಪ್ರಿನ್ಸಿಪಾಲ್ ಚಿಂಡಾ ಒಂದು ಉತ್ತರಪತ್ರಿಕೆ ಹಿಡಿದು ಸ್ಟಾಫ್ ರೂಮಿಗೆ ಬಂದರು. ಕಲಿಸುವುದು ಗಣಿತವಾದರೂ ಅವರ ಹೆಂಡತಿ ಸ್ಪ್ಯಾನಿಷ್ ಆಡುವ ಪಕ್ಕದ ದೇಶದ ಬಾಟಾ ಊರಿನವರು. ಮನೆಯಲ್ಲಿ ಸ್ಪ್ಯಾನಿಷ್ಷೇ ಮಾತು.

“ಮದಾಂ, ಈ ಹುಡುಗ ‘ಅವನು ಬರ್ತಾನೆ ಅಂತ ನಂಗೆ ನಂಬಿಕೆಯಿಲ್ಲ’ ಅನ್ನೋದಕ್ಕೆ ‘ನೊ ಕ್ರೇಒ ಕೆ ಬ್ಯೇನೆ’ ಅಂತ ಬರೆದಿದಾನೆ. ‘ಬೇಂಗಾ’ ಆಗ್ಬೇಕಿತ್ತಲ್ವಾ? ನೀವು ಪೂರ್ತಿ ಅಂಕ ಕೊಟ್ಟಿದೀರಿ. ಇಂಥವು ಇನ್ನೂ ನಾಲ್ಕು ಸಿಕ್ಕಿವೆ. ಇಪ್ಪತ್ತಾರು ವರ್ಷ ಆಯ್ತಲ್ವಾ, ಸುಸ್ತಾಗಿರ್ಬೇಕು. ಮಕ್ಕಳ ಗತಿ ಏನು?”

ಹುಡುಗ ಬರೆದಿದ್ದು ತಪ್ಪು ರೂಪ. ನಾನು ಓದಿದ್ದು ಸರಿಯಾದ ರೂಪ. ಬಾಯಿಗೆ ಅಷ್ಟು ರೂಢಿಯಾಗಿ ಹೋಗಿತ್ತು. ‘ನಂಬಿಕೆಯಿಲ್ಲ’ ಎಂದು ಕಂಡಕೂಡಲೇ ಕಣ್ಣು ಮುಂದಿನ ಪದವನ್ನು ನೋಡುವ ಮುಂಚೆಯೇ ಬಾಯಿ ‘ಬೇಂಗಾ’ ಎಂದುಬಿಟ್ಟಿತ್ತು.

ಮದಾಂ ನನ್ನ ಕಡೆ ಮುಖ ತಿರುಗಿಸಿ ಕೂತರು. ನನ್ನ ಹೆಸರು ಹೇಳಿದರೆ ತಮ್ಮ ಕಣ್ಣಿನ ಸಂಗತಿ ಹೊರಬೀಳುತ್ತದೆ. ಹೇಳದಿದ್ದರೆ ಅಸಡ್ಡೆಯ ಟೀಚರೆಂಬ ಹೆಸರು, ತರಗತಿಯೂ ಕೈತಪ್ಪುತ್ತದೆ. ಕೊನೆಗೆ ಎರಡನೆಯದನ್ನೇ ಆರಿಸಿಕೊಂಡರು.

“ನಂದೇ ತಪ್ಪು, ಮೊಸ್ಯು.”

ನಾನು ಸುಮ್ಮನಿದ್ದರೆ ಕೆಲಸ ಕಾಯಂ. ಬೆನ್ನ ಮೇಲೆ ಎಸ್ತೆಲ್ ಮಿಸುಕಾಡಿದಳು.

“ತಪ್ಪು ನಂದು,” ಎಂದೆ. “ಮದಾಂಗೆ ಅಕ್ಷರ ಕಾಣಲ್ಲ. ನಾನು ಓದ್ತೀನಿ, ಅವರು ಕೇಳ್ತಾರೆ. ನಾನು ಸರಿಯಾದ್ದನ್ನೇ ಓದಿಬಿಟ್ಟೆ.”

“ಬಾಯಿಬಡಕಿ!” ಎಂದರು ಮದಾಂ. ಬೈದರೋ ಹೊಗಳಿದರೋ ತಿಳಿಯಲಿಲ್ಲ.

ಚಿಂಡಾ ಇನ್ನೊಂದು ಪತ್ರಿಕೆ ತೆಗೆದು ತಾವೇ ಓದತೊಡಗಿದರು. “ಕ್ರೇಒ ಕೆ...” ನಂಬುತ್ತೇನೆ ಎಂಬ ಮಾತು, ಮದಾಂ ಮಿಸುಕಲಿಲ್ಲ. “ನೊ ಕ್ರೇಒ ಕೆ...” ಟಕ್. “ಎಸ್ಪೇರೊ ಕೆ...” ಆಶಿಸುತ್ತೇನೆ ಎಂಬ ಮಾತು, ಟಕ್. ಮುಂದೆ ‘ಬರುತ್ತಾನೆ’ ಎಂಬರ್ಥದ “ಬೆಂದ್ರಾ” ಎಂದು ಓದಿದ್ದೇ ತಡ, “ಫ್ರೆಂಚಲ್ಲಿ ಯೋಚಿಸಿ ಸ್ಪ್ಯಾನಿಷಲ್ಲಿ ಬರೆದಿದಾನೆ. ಸುತ್ತು ಹಾಕಿದ್ರೆ ಅರ್ಧ ಕೊಡಿ,” ಎಂದರು ಮದಾಂ. ಪತ್ರಿಕೆಯಲ್ಲಿ ಸುತ್ತು ಇತ್ತು.

ಚಿಂಡಾ ಕನ್ನಡಕ ತೆಗೆದು ಒರೆಸಿಕೊಂಡರು. “ನಲವತ್ತೊಂದು ಪೇಪರ್ರೂ ಮತ್ತೆ ತಿದ್ದಿ. ಅಂಕಪಟ್ಟಿಗೆ ನಿಮ್ಮಿಬ್ಬರದೂ ಸಹಿ ಬೇಕು. ಜೂನ್‌ವರೆಗೆ ತರಗತಿ ಮದಾಂದು. ಆಮೇಲಿಂದು ಆಮೇಲೆ ನೋಡೋಣ.”

ಅವರು ಹೋದ ಮೇಲೆ ಮದಾಂ ಕೈಚಾಚಿ ನನ್ನ ಬೆನ್ನಿಂದ ಮಗುವನ್ನು ಬಿಡಿಸಿಕೊಂಡು ತೊಡೆ ಮೇಲೆ ಕೂರಿಸಿಕೊಂಡರು. “ಓದೇ. ಈ ಸಲ ಕ್ರಿಯಾಪದದ ಅಡಿಗೆ ಬೆರಳಿಡು, ಒಂದೊಂದೇ ಅಕ್ಷರ ಹೇಳು.”

ಬೆರಳಿಟ್ಟೆ. ಮೊದಲನೇ ಪತ್ರಿಕೆ ‘ಬ್ಯೇನೆ’ ಎಂದು ಬರೆದ ಆ ಹುಡುಗನದೇ. ಅವನ ಎರಡು ಅಂಕ ಹೋದವು.