‘ಈ ವಯಸ್ಸಿನಲ್ಲೂ’

ನಮ್ಮಕ್ಕ ಹಗಲಲ್ಲಿ ಕಣ್ಣಾಸ್ಪತ್ರೆಯಲ್ಲಿ ರೋಗಿಗಳನ್ನು ಹೆಸರು ಹಿಡಿದು ಕರೆಯುತ್ತಾಳೆ, ರಜಾ ದಿನದ ಸಂಜೆಗಳಲ್ಲಿ ಕಲಾವಿದರನ್ನು ವೇದಿಕೆಗೆ ಕರೆಯುತ್ತಾಳೆ. ಎರಡೂ ಒಂದೇ ಕೆಲಸ ಎನ್ನುವುದು ಅವಳ ವಾದ. ಕಣ್ಣಿಗೆ ಹನಿ ಹಾಕಿಸಿಕೊಂಡು ಕೂತವರಿಗೆ ಉದ್ದುದ್ದ ಹೇಳಿದರೆ ತಲೆಗೆ ಹೋಗುವುದಿಲ್ಲ. ಕತ್ತಲೆ ಸಭಾಂಗಣದಲ್ಲಿ ಕೂತವರಿಗೂ ಅಷ್ಟೇ. ಹೇಳುವುದನ್ನು ಚುಟುಕಾಗಿ ಹೇಳಬೇಕು, ಹೆಸರು ಕೊನೆಗೆ ಬರಬೇಕು, ಹೇಳಿದ ಮೇಲೆ ಜಾಗ ಖಾಲಿ ಮಾಡಬೇಕು.

ನಾನು ಅವಳ ತಮ್ಮ. ಮೈಕ್ ಸೆಟ್ಟು ನನ್ನದು. ಬಗೆಬಗೆಯ ನಿರೂಪಕರನ್ನು ನನ್ನ ಸ್ಪೀಕರುಗಳು ಸಹಿಸಿಕೊಂಡಿವೆ. ನೃತ್ಯಕ್ಕಿಂತ ಉದ್ದ ಪೀಠಿಕೆ ಹಾಕುವವರು, ಹಾಡುವ ಮುಂಚೆಯೇ ‘ಅದ್ಭುತವಾಗಿ ಹಾಡಲಿದ್ದಾರೆ’ ಎಂದು ಜಾಮೀನು ಕೊಡುವವರು, ಮೈಕನ್ನು ಐಸ್‌ಕ್ರೀಮಿನಂತೆ ಬಾಯಿಗೆ ಒತ್ತಿಕೊಳ್ಳುವವರು. ಅಕ್ಕ ಇವರ ಸಾಲಿಗೆ ಸೇರಿದವಳಲ್ಲ. ಒಡಹುಟ್ಟಿದವಳೆಂದು ಹೊಗಳುತ್ತಿಲ್ಲ, ಮನೆಯಲ್ಲಿ ಅವಳ ಬಾಯಿ ನಿಲ್ಲುವುದೇ ಇಲ್ಲ. ವೇದಿಕೆಯ ಮೇಲೆ ಮಾತ್ರ ಅಳೆದು ತೂಗಿ ಮಾತಾಡುತ್ತಾಳೆ.

ಕಾರ್ಯಕ್ರಮಕ್ಕೆ ಮುಂಚೆ ಅವಳು ಅಭ್ಯಾಸದ ಕೋಣೆಗೆ ಹೋಗಿ ಮೂಲೆಯಲ್ಲಿ ಕೂರುತ್ತಾಳೆ. ಎಲ್ಲರಿಗೂ ಅವಳದು ಒಂದೇ ಪ್ರಶ್ನೆ: ನಿಮ್ಮದರಲ್ಲಿ ಜನ ತಪ್ಪದೆ ನೋಡಬೇಕಾದದ್ದು, ಕೇಳಬೇಕಾದದ್ದು ಯಾವುದು? ಅವರು ಹೇಳಿದ ಆ ಒಂದನ್ನೇ ಹಿಡಿದುಕೊಳ್ಳುತ್ತಾಳೆ. ಹಿಂದಿನ ಕಾರ್ಯಕ್ರಮದ ಬಾಲಕ್ಕೆ ಮುಂದಿನದರ ತಲೆ ಕಟ್ಟುತ್ತಾಳೆ. ಒಮ್ಮೆ ಮಕ್ಕಳ ಮಳೆ ನೃತ್ಯ ಮುಗಿದ ಕೂಡಲೇ ವಯಲಿನ್ ಇತ್ತು. ಅಕ್ಕ ಬಂದು, “ಮಳೆ ನಿಂತಿತು. ಆದರೆ ಎಲೆಯಿಂದ ಹನಿ ಇನ್ನೂ ಬೀಳುತ್ತಿದೆ, ಕೇಳಿ. ವಯಲಿನ್” ಎಂದಳು, ಹೋದಳು. ಗುಜುಗುಜು ಎನ್ನುತ್ತಿದ್ದ ಸಭೆ ತಂತಾನೇ ಕಿವಿಗೊಟ್ಟಿತು.

ಕೊನೆಯ ಪದದಲ್ಲಿ ನಮ್ಮಿಬ್ಬರ ಒಪ್ಪಂದವೂ ಇದೆ. ಅದನ್ನು ಮೊದಲೇ ನಿಗದಿ ಮಾಡಿಕೊಂಡಿರುತ್ತೇವೆ. ಆ ಪದ ಅವಳ ಬಾಯಿಂದ ಬಿದ್ದೊಡನೆ ನಾನು ಹಾಡಿನ ಗುಂಡಿ ಒತ್ತಬೇಕು, ದೀಪದವನು ಬೆಳಕು ಬದಲಿಸಬೇಕು. ಹಾಗಾಗಿ ಆ ಪದವನ್ನು ಅವಳು ಅದಕ್ಕೆ ಮುಂಚೆ ಅಪ್ಪಿತಪ್ಪಿಯೂ ಆಡುವಂತಿಲ್ಲ. ಆಡಿದರೆ ಹಾಡು ಶುರುವಾಗಿಬಿಡುತ್ತದೆ, ಕುಣಿಯುವವರು ಇನ್ನೂ ಸೆರಗು ಸಿಕ್ಕಿಸಿಕೊಳ್ಳುತ್ತಿರುತ್ತಾರೆ.

ಇಂಥವಳ ಪಾಲಿಗೆ ಈ ಸಲದ ಬಡಾವಣೆ ವಾರ್ಷಿಕೋತ್ಸವದಲ್ಲಿ ಒಂದು ಪೇಚು ಬಂತು. ಅವಳ ಅತ್ತೆ ಕುಣಿಯಲು ನಿಂತರು.

ಅತ್ತೆಯವರು ಗಟ್ಟಿ ಹೆಂಗಸು. ಬಡಾವಣೆಯ ಗ್ರಂಥಾಲಯದಲ್ಲಿ ದುಡಿದು ನಿವೃತ್ತರಾದವರು, ‘ಶ್’ ಎಂದರೆ ಇವತ್ತಿಗೂ ಮನೆಯ ಮಿಕ್ಸಿ ಕೂಡ ನಿಲ್ಲುತ್ತದೆ ಎಂದು ಭಾವ ಹೇಳುವುದುಂಟು. ಓರಗೆಯ ಮೂವರು ಗೆಳತಿಯರನ್ನು ಕೂಡಿಸಿಕೊಂಡು ‘ಬಿಸಿಲು ನೆರಳು’ ಎಂಬ ನೃತ್ಯವನ್ನು ಅವರೇ ಕಟ್ಟಿದ್ದರು. ಇಬ್ಬರು ಹಳದಿ ಉಟ್ಟು ಬಿಸಿಲಾಗುವುದು, ಇಬ್ಬರು ಬೂದು ಬಣ್ಣದ ಉದ್ದ ವಸ್ತ್ರ ಹಿಡಿದು ನೆರಳಾಗುವುದು, ಒಬ್ಬರನ್ನೊಬ್ಬರು ಹಿಡಿಯಲು ನೋಡುವುದು. ಸೋಫಾ ಗೋಡೆಗೆ ಸರಿಸಿ ನಡುಮನೆಯಲ್ಲೇ ಅಭ್ಯಾಸ ನಡೆಯಿತು.

ಒಂದು ದಿನ ಅಭ್ಯಾಸ ಮುಗಿಸಿ, ಬೆವರು ಒರೆಸಿಕೊಳ್ಳುತ್ತ ಅವರು ಅಕ್ಕನನ್ನು ಎದುರಿಗೆ ಕೂರಿಸಿಕೊಂಡರು.

“ನೋಡು, ಹೋದ ವರ್ಷ ನಿನಗೆ ಜ್ವರ ಅಂತ ನಿನ್ನ ಬದಲು ಇನ್ಯಾವನೋ ಬಂದಿದ್ನಲ್ಲ, ನಾವು ಹಾಡೋಕೆ ನಿಂತಾಗ ‘ಈ ವಯಸ್ಸಿನಲ್ಲೂ’ ಅಂದುಬಿಟ್ಟ. ಜನ ನಾವು ನಿಂತಿದ್ದಕ್ಕೇ ಚಪ್ಪಾಳೆ ಹೊಡೆದ್ರು. ಹಾಡಿದ್ದನ್ನ ಯಾರೂ ಕೇಳಲೇ ಇಲ್ಲ. ಈ ಸಲ ಆ ‘ಲೂ’ ನನ್ನ ಕಿವಿಗೆ ಬಿತ್ತೋ, ಅಲ್ಲಿಂದಲೇ ವಾಪಸ್ ಮನೆಗೆ ಬರ್ತೀನಿ.”

ಅಕ್ಕ ಹೂಂ ಎಂದಳು. ‘ಇವರು ನನ್ನ ಅತ್ತೆ’ ಎಂದು ಸಭೆಗೆ ಹೇಳಬಾರದು ಎಂಬುದು ಎರಡನೆಯ ಷರತ್ತು. ಸೊಸೆ ಕೈಯಲ್ಲಿ ಮೈಕ್ ಇದೆ ಅಂತ ಅತ್ತೆಗೆ ವೇದಿಕೆ ಸಿಕ್ಕಿತು ಎಂದು ಯಾರೂ ಆಡಿಕೊಳ್ಳಬಾರದಂತೆ. ಅದಕ್ಕೂ ಹೂಂ ಎಂದಳು.

ಆಮೇಲೆ ಅಕ್ಕ ಮಾತು ಹೊಸೆಯಲು ಕೂತಳು. ನೃತ್ಯದ ಬೆನ್ನಿಗೇ ಕೊಳಲು ಇತ್ತು. “ನಮ್ಮ ನರ್ತಕಿಯರು ಈಗ ಉಸಿರು ತೆಗೆದುಕೊಳ್ಳಲಿ. ಆ ಉಸಿರಿಗೆ ದನಿ ಕೊಡಲು ಬರುತ್ತಿದೆ ಕೊಳಲು” ಎಂದು ಜೋಡಿಸಿ, ತಾನೇ ಮೆಚ್ಚಿಕೊಂಡು, ಅತ್ತೆಯವರಿಗೆ ಓದಿ ತೋರಿಸಿದಳು. ಅವರು ಕನ್ನಡಕದ ಮೇಲಿಂದ ನೋಡಿದರು. “ಏದುಸಿರು ಬಿಡ್ತೀವಿ ಅಂತಲೇ?” ಎಂದರು. ಪಾಪ, ಅಷ್ಟು ಚಂದದ ಮಾತು ಹುಟ್ಟುವ ಮುಂಚೆಯೇ ಸತ್ತಿತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಕ್ಕ ನನ್ನತ್ತ ದಿಂಬು ಎಸೆದಳು.

ಬಡಾವಣೆ ಸಂಘದ ಅಧ್ಯಕ್ಷರ ತಕರಾರು ಬೇರೆ ಇತ್ತು. ಅವರು ಕೆಟ್ಟವರಲ್ಲ, ಎಲ್ಲರಿಗೂ ಒಳ್ಳೆಯದಾಗಲಿ ಎಂದೇ ಮೈಕ್ ಹಿಡಿಯುವವರು, ಹಿಡಿದರೆ ಬಿಡದವರು. ಹಿರಿಯರು ಕುಣಿಯುವಾಗ ಅವರ ವಯಸ್ಸು ಹೇಳಿದರೆ ಸಭೆಗೆ ಸ್ಫೂರ್ತಿ ಬರುತ್ತದೆ ಎಂದು ಅವರು ಅಕ್ಕನಿಗೆ ಫೋನ್ ಮಾಡಿ ತಿಳಿಹೇಳಿದರು. ಕುಣಿಯುವವರಿಗೆ ಅದು ಇಷ್ಟವಿಲ್ಲ ಎಂದು ಅಕ್ಕ ನಯವಾಗಿ ಹೇಳಿದಳು. ಅದು ಅವರ ವಿನಯ ಎಂದು ಅಧ್ಯಕ್ಷರು ಫೋನ್ ಇಟ್ಟರು.

ಕಾರ್ಯಕ್ರಮದ ಸಂಜೆ ಸಭಾಂಗಣ ತುಂಬಿತ್ತು. ನಾನು ಪಕ್ಕದ ಗೋಡೆಗೆ ಒತ್ತಿಕೊಂಡು ನನ್ನ ಮೇಜು ಹಾಕಿದ್ದೆ, ಅಲ್ಲಿಂದ ವೇದಿಕೆಯೂ ಕಾಣುತ್ತಿತ್ತು, ಪರದೆಯ ಮರೆಯೂ ಕಾಣುತ್ತಿತ್ತು. ಒಪ್ಪಂದದ ಪದ ‘ಗೆಳತಿಯರು’. ವಯಸ್ಸು ಹೇಳದೆ, ನಂಟು ಹೇಳದೆ, ಆ ನಾಲ್ವರನ್ನು ಕರೆಯಲು ಅಕ್ಕ ಹುಡುಕಿಕೊಂಡಿದ್ದ ಪದ ಅದು. ಒಳಗೆ ಅತ್ತೆಯವರು ಕೈ ಮೇಲೆತ್ತಿದರೆ ‘ನಾವು ಸಿದ್ಧ’ ಎಂದರ್ಥ.

ಮಕ್ಕಳ ಗುಂಪು ಕುಣಿದು ಇಳಿಯಿತು. ಅಕ್ಕ ಮೈಕಿನ ಬಳಿಗೆ ನಡೆದು ಬರುತ್ತಲೇ ಒಳಗೆ ಕಣ್ಣು ಹಾಯಿಸಿದಳು. ಅತ್ತೆಯವರ ಕೈ ಮೇಲೆದ್ದಿರಲಿಲ್ಲ. ನೆರಳಿನ ಒಂದು ಬೂದು ವಸ್ತ್ರ ಮಕ್ಕಳ ಬಟ್ಟೆಗಳ ಜೊತೆ ಯಾವುದೋ ಪೆಟ್ಟಿಗೆ ಸೇರಿಬಿಟ್ಟಿತ್ತು. ಒಬ್ಬ ಗೆಳತಿ ಪೆಟ್ಟಿಗೆಗಳನ್ನೆಲ್ಲ ತಲೆಕೆಳಗು ಮಾಡುತ್ತಿದ್ದರು.

ಇಂಥ ಹೊತ್ತಲ್ಲಿ ಸಾಮಾನ್ಯ ನಿರೂಪಕರು ‘ತಾಂತ್ರಿಕ ಕಾರಣದಿಂದ’ ಎನ್ನುತ್ತಾರೆ, ಸಭೆ ಮೊಬೈಲ್ ತೆಗೆಯುತ್ತದೆ. ಒಳಗಿನ ಗಡಿಬಿಡಿ ಹೊರಗೆ ಗೊತ್ತಾಗಬಾರದು ಎನ್ನುವುದು ಅಕ್ಕನ ನಿಯಮ. ಖಾಲಿ ಹೊತ್ತು ತುಂಬುವ ಮಾತು ಮುಂದಿನ ಕಾರ್ಯಕ್ರಮಕ್ಕೇ ಸೇರಿದ್ದಾಗಿರಬೇಕು, ಯಾವ ಗಳಿಗೆಯಲ್ಲಾದರೂ ಕತ್ತರಿಸಲು ಬರುವಂತಿರಬೇಕು.

“ಮುಂದಿನದಕ್ಕೆ ನಿಮ್ಮ ಕೈ ಬೇಕು,” ಎಂದಳು. “ಬಿಸಿಲು ಅಂದರೆ ಜೋರಾಗಿ ಚಪ್ಪಾಳೆ. ನೆರಳು ಅಂದರೆ ಕೈ ಕೂಡಬೇಕು, ಸದ್ದು ಆಗಬಾರದು. ಬಿಸಿಲು!”

ಸಭೆ ಚಪ್ಪಾಳೆ ತಟ್ಟಿತು. “ನೆರಳು” ಎಂದಳು. ಸಭಾಂಗಣದ ತುಂಬ ಕೈಗಳು ಸದ್ದಿಲ್ಲದೆ ಕೂಡಿದವು, ಒಬ್ಬ ತಾತ ಮಾತ್ರ ಫಟ್ ಎನಿಸಿ ಸಿಕ್ಕಿಬಿದ್ದರು. ನಗು ಎದ್ದಿತು. ಅಕ್ಕ ಬೇಗ ಬೇಗ ಬಿಸಿಲು ನೆರಳು ಬದಲಿಸುತ್ತ ಅವರನ್ನು ಆಡಿಸತೊಡಗಿದಳು. ನನ್ನ ಬೆರಳು ಗುಂಡಿಯ ಮೇಲಿತ್ತು.

ಅಷ್ಟರಲ್ಲಿ ಅಧ್ಯಕ್ಷರು ಎದ್ದರು. ಅಕ್ಕ ಸಿಕ್ಕಿಹಾಕಿಕೊಂಡಿದ್ದಾಳೆ, ಕಾಪಾಡೋಣ ಎಂದು ಅವರಿಗೆ ಅನಿಸಿರಬೇಕು. ಭಾಷಣಕ್ಕೆಂದು ಇಟ್ಟಿದ್ದ ಇನ್ನೊಂದು ಮೈಕ್ ಕೈಗೆತ್ತಿಕೊಂಡು ಮೆಟ್ಟಿಲು ಹತ್ತಿ ಬಂದರು. ಆ ಮೈಕಿನ ದನಿ ಕತ್ತರಿಸಲು ಕೈ ಚಾಚಿದೆ, ಅಕ್ಕ ಕಣ್ಣಲ್ಲೇ ಬೇಡ ಎಂದಳು. ತುಂಬಿದ ಸಭೆಯಲ್ಲಿ ಹಿರಿಯರೊಬ್ಬರ ಬಾಯಿ ಕಟ್ಟುವುದು ಅವಳಿಗೆ ಸೇರದ ಕೆಲಸ.

“ಬಂಧುಗಳೇ,” ಎಂದರು ಅಧ್ಯಕ್ಷರು, “ಈಗ ಬರಲಿರುವವರ ವಿಶೇಷ ಏನು ಅಂದರೆ, ಈ ವಯಸ್ಸಿನಲ್ಲೂ...”

ಪರದೆಯ ಮರೆಯಲ್ಲಿ ಅತ್ತೆಯವರು ತಲೆ ಎತ್ತಿದರು. ಬಾಗಿಲ ಕಡೆ ತಿರುಗಿದರು. ಹಳದಿ ಸೆರಗು ನನಗೆ ಬೆನ್ನು ತೋರಿಸಿತು. ಮುಗಿಯಿತು ಕಥೆ ಎಂದುಕೊಂಡೆ.

ಅಧ್ಯಕ್ಷರು ಉಸಿರೆಳೆದುಕೊಳ್ಳಲು ಒಂದು ಚೂರು ನಿಂತಿದ್ದರು. ಆ ಸಂದಿನಲ್ಲಿ ಅಕ್ಕ ಅವರ ಮಾತಿಗೇ ತನ್ನ ಮಾತು ಹೊಲಿದಳು.

“ಈ ವಯಸ್ಸಿನಲ್ಲೂ ನಮ್ಮ ಅಧ್ಯಕ್ಷರು ಇಷ್ಟೊಂದು ಮೆಟ್ಟಿಲು ಹತ್ತಿ, ಯಾರ ಕೈಯನ್ನೂ ಹಿಡಿಯದೆ, ನಮ್ಮ ಮುಂದೆ ನಿಂತಿದ್ದಾರೆ. ಅವರಿಗೊಂದು ಬಿಸಿಲು!”

ಸಭಾಂಗಣ ಬಿದ್ದೂ ಬಿದ್ದೂ ನಕ್ಕಿತು, ಚಪ್ಪಾಳೆ ಕಿವಿಗಡಚಿಕ್ಕಿತು. ಅಧ್ಯಕ್ಷರು ಪೆಚ್ಚಾಗಿ ಅತ್ತಿತ್ತ ನೋಡಿದರು. ಬರೀ ನಿಂತಿದ್ದಕ್ಕೆ ಚಪ್ಪಾಳೆ ಬಿದ್ದರೆ ಹೇಗಿರುತ್ತದೆ ಎಂದು ಅವರಿಗೆ ಅಲ್ಲೇ ಹೊಳೆಯಿತು ಎಂದು ಕಾಣುತ್ತದೆ. ಮೊದಲು ಕಿವಿ ಕೆಂಪಾಯಿತು, ಆಮೇಲೆ ಅವರೂ ನಕ್ಕುಬಿಟ್ಟರು, ಮೈಕ್ ಕೆಳಗಿಟ್ಟು ಕೈಮುಗಿದು ಇಳಿದರು. ಒಳಗೆ ಅತ್ತೆಯವರು ನಿಂತಲ್ಲೇ ನಿಂತಿದ್ದರು. ಅವರ ಭುಜ ಕುಲುಕುತ್ತಿತ್ತು, ನಗುತ್ತಿದ್ದರು. ಪೆಟ್ಟಿಗೆಯಿಂದ ಬೂದು ವಸ್ತ್ರ ಹೊರಬಂತು. ಅತ್ತೆಯವರು ಈ ಕಡೆ ತಿರುಗಿ ಕೈ ಮೇಲೆತ್ತಿದರು.

ಅಕ್ಕ ತಡಮಾಡಲಿಲ್ಲ. “ವಯಸ್ಸಿನ ಮಾತು ಆಯಿತು, ಇನ್ನು ಕುಣಿತ. ಇಬ್ಬರು ಬಿಸಿಲು, ಇಬ್ಬರು ನೆರಳು. ಯಾರು ಯಾರನ್ನು ಹಿಡಿಯುತ್ತಾರೆ ನೋಡಿ. ಬರುತ್ತಿದ್ದಾರೆ, ನಾಲ್ವರು ಗೆಳತಿಯರು.”

ಗುಂಡಿ ಒತ್ತಿದೆ.

ಅವರು ಬಂದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಸಭೆಗೆ ನೋಡುವ ಕೆಲಸವಿತ್ತು. ಅತ್ತೆಯವರು ಬಿಸಿಲಾಗಿ ಮುನ್ನುಗ್ಗಿದರೆ ನೆರಳು ಜಾರಿಕೊಳ್ಳುತ್ತಿತ್ತು, ಅವರು ಆಯಾಸಗೊಂಡಂತೆ ನಟಿಸಿ ಕೂತರೆ ಬೂದು ವಸ್ತ್ರ ಬೆನ್ನ ಹಿಂದೆ ಹಬ್ಬುತ್ತಿತ್ತು. ಕೊನೆಯಲ್ಲಿ ನೆರಳು ಬಿಸಿಲನ್ನು ಪೂರ್ತಿ ಮುಚ್ಚಿದಾಗ ಮುಂದಿನ ಸಾಲಿನ ಮಕ್ಕಳು ಸದ್ದಿಲ್ಲದ ಚಪ್ಪಾಳೆ ತಟ್ಟಿದರು, ಹಿಂದಿನವರೂ ತಟ್ಟಿದರು. ಆಮೇಲೆ ಅತ್ತೆಯವರು ವಸ್ತ್ರ ಸರಿಸಿ ಮುಖ ತೋರಿಸಿದರು. ಆಗ ಎದ್ದ ಸದ್ದಿಗೆ ನನ್ನ ಮೇಜು ನಡುಗಿತು. ನನಗೆ ಕಣ್ಣು ತುಂಬಿ ಬಂತು, ಮುಚ್ಚಿಡುವುದೇನಿದೆ.

ಅಕ್ಕ ಮೈಕಿನ ಬಳಿಗೆ ಬಂದಳು, ಕೊಳಲಿಗೆ ಹೊಸದಾಗಿ ಹೊಸೆದ ಸಾಲು ಸಿದ್ಧವಿತ್ತು. ಆದರೆ ಅತ್ತೆಯವರು ಒಳಗೆ ಹೋಗದೆ ನೇರ ಅವಳ ಬಳಿಗೆ ನಡೆದು ಬಂದು ಮೈಕಿಗೆ ಕೈ ಚಾಚಿದರು. ಅಕ್ಕ ಯಾರಿಗೂ ಮೈಕ್ ಕೊಡುವವಳಲ್ಲ. ಕೊಟ್ಟಳು.

“ನಮ್ಮನ್ನ ಕರೆದ ಈ ನಿರೂಪಕಿ ಇದಾಳಲ್ಲ, ಇವಳು ನನ್ನ ಸೊಸೆ,” ಎಂದರು ಅತ್ತೆಯವರು. “ಈ ವಯಸ್ಸಿನಲ್ಲೂ ಅತ್ತೆ ಮಾತು ಕೇಳ್ತಾಳೆ.”

ಮೈಕ್ ವಾಪಸ್ ಕೊಟ್ಟು ಸೊಸೆಯ ಕೆನ್ನೆ ತಟ್ಟಿ ಹೊರಟುಹೋದರು.

ಸಭೆಯ ನಗು ಇಳಿಯಿತು. ಮೈಕ್ ಖಾಲಿ ಬಿಡುವುದೆಂದರೆ ಅನ್ನ ಚೆಲ್ಲಿದಂತೆ ಎನ್ನುವ ಅಕ್ಕ ಅತ್ತೆಯವರು ಹೋದ ದಿಕ್ಕನ್ನೇ ನೋಡುತ್ತ ನಿಂತಿದ್ದಳು. ಕೊಳಲಿನವರು ಪರದೆಯ ಪಕ್ಕದಿಂದ ಇಣುಕಿದರು. ಅವಳು ಮೈಕ್ ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು.

“ನನಗೇ ಉಸಿರು ಕಟ್ಟಿದೆ,” ಎಂದಳು. “ಉಸಿರು ಚೆನ್ನಾಗಿ ಬಲ್ಲವರೊಬ್ಬರು ಬರುತ್ತಿದ್ದಾರೆ. ಕೊಳಲು.”